ಹದಿನೇಳನೇ ಜಾಯಿಂಟ್: ಒಳಚರಂಡಿಗೆ ಬೇರು ಎಲ್ಲಿಂದ ನುಗ್ಗಿದೆ ಅಂತ ಹುಡುಕುವ ಬಗೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿ. ಕಟ್ಟಿದ್ದು 1987ರಲ್ಲಿ. ಬಿ ವಿಂಗ್‌ನ ಹನ್ನೆರಡು ಮನೆಗಳ ಗಲೀಜು ನೀರು ಹಿಂದಿನ ಅಂಗಳದ ಮೂರನೇ ಚೇಂಬರ್‌ಗೆ ಬಂದು, ಅಲ್ಲಿಂದ 18 ಮೀಟರ್ ದೂರದ ನಾಲ್ಕನೇ ಚೇಂಬರ್‌ಗೆ ಹೋಗುತ್ತದೆ. ನಡುವೆ ನೆಲದಡಿ ಆರು ಇಂಚಿನ ಸ್ಟೋನ್‌ವೇರ್ ಪೈಪ್, ಅಂದರೆ ಕಂದು ಬಣ್ಣದ, ಹೊಳಪಿನ ಸುಟ್ಟ ಮಣ್ಣಿನ ಪೈಪ್. ಪೈಪಿನಿಂದ ಮೂರೂವರೆ ಮೀಟರ್ ದೂರದಲ್ಲಿ ಒಂದು ಅತ್ತಿಮರ. ಇಲ್ಲಿನವರಿಗೆ ಅದು ಔದುಂಬರ, ಬುಡದಲ್ಲಿ ಗುರುವಾರ ದೀಪ ಹಚ್ಚುತ್ತಾರೆ. ಹಾಗಾಗಿ ಮೊದಲ ಮೂರು ಸಲ ಚೇಂಬರ್ ಉಕ್ಕಿದಾಗ ಆ ಮರದ ಹೆಸರನ್ನು ಯಾರೂ ಎತ್ತಲಿಲ್ಲ.

ಉಕ್ಕಿದ ತಾರೀಖುಗಳು ನನ್ನ ಡೈರಿಯಲ್ಲಿವೆ. 2022ರ ಫೆಬ್ರುವರಿ, ಆಮೇಲೆ ಜುಲೈ, ಆಮೇಲೆ ಅಕ್ಟೋಬರ್, ಆಮೇಲೆ ನವೆಂಬರ್ ಕೊನೆ. ಐದು ತಿಂಗಳು, ಮೂರು ತಿಂಗಳು, ಒಂದೂವರೆ ತಿಂಗಳು. ಪ್ರತಿ ಸಲ ಬಂದವರು ಸಲಾಕೆ ತೂರಿಸಿ, ನೀರು ಹರಿಸಿ, "ಅಡುಗೆಮನೆ ಎಣ್ಣೆ ಜಿಡ್ಡು ಸಾಹೇಬ್" ಅಂತ ಹೇಳಿ ದುಡ್ಡು ತಗೊಂಡು ಹೋದರು. ನಾವೂ ಮನೆಮನೆಗೆ ಸಿಂಕ್ ಜಾಲರಿ ಹಾಕಿಸಿದೆವು. ಏನೂ ಉಪಯೋಗವಾಗಲಿಲ್ಲ.

ಈ ಅಂತರ ಕಡಿಮೆಯಾಗುತ್ತಾ ಬರುವುದೇ ಮೊದಲ ಸುಳಿವು. ಜಿಡ್ಡು ಕಟ್ಟಿದರೆ ತೆಗೆದ ಮೇಲೆ ಮತ್ತೆ ಕಟ್ಟಲು ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಬೇರು ಹಾಗಲ್ಲ. ಸಲಾಕೆ ಅದರ ನಡುವೆ ಒಂದು ತೂತು ಮಾಡುತ್ತದೆ, ನೀರು ಇಳಿಯುತ್ತದೆ, ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಆದರೆ ಕತ್ತರಿಸಿದ ಬೇರು ಚಿವುಟಿದ ಕುಡಿಯಂತೆ, ಒಂದಿದ್ದದ್ದು ನಾಲ್ಕಾಗಿ ಒಡೆಯುತ್ತದೆ. ಮುಂದಿನ ಸಲ ಬೇಗ ತುಂಬುತ್ತದೆ.

ಯಾವ ಚೇಂಬರ್ ತುಂಬಿದೆ, ಯಾವುದು ಒಣಗಿದೆ

ಉಕ್ಕಿದಾಗ ಗಾಬರಿಯಲ್ಲಿ ಕೂಡಲೇ ಸಲಾಕೆ ಹಾಕಿಸಬೇಡಿ. ಐದು ನಿಮಿಷ ತಡೆದು ಎಲ್ಲ ಚೇಂಬರ್ ಮುಚ್ಚಳ ತೆಗೆಸಿ ನೋಡಿ. ಮೇಲಿನದು ತುಂಬಿ, ಅದರ ಕೆಳಗಿನದು ಒಣಗಿದ್ದರೆ ತೊಂದರೆ ಅವೆರಡರ ನಡುವೆ ಇದೆ. ಎಲ್ಲವೂ ತುಂಬಿದ್ದರೆ ತೊಂದರೆ ನಿಮ್ಮ ಗೇಟಿನ ಆಚೆ, ರಸ್ತೆಯ ಲೈನಿನಲ್ಲಿ. ಅದನ್ನು ಪಾಲಿಕೆಯವರೇ ನೋಡಬೇಕು. ನಮ್ಮಲ್ಲಿ ಮೂರನೆಯದು ಕಂಠಪೂರ್ತಿ, ನಾಲ್ಕನೆಯದರ ತಳದಲ್ಲಿ ಬರೀ ಪಸೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಏನೇ ಆದರೂ ಯಾರನ್ನೂ ಚೇಂಬರ್ ಒಳಗೆ ಇಳಿಸಬೇಡಿ. ಕೊಳೆತ ಗಲೀಜಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಗಾಳಿ ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮನುಷ್ಯ ಹಾಗೇ ಕುಸಿದುಬಿಡುತ್ತಾನೆ. 2013ರ ಕಾನೂನಿನ ಪ್ರಕಾರ ರಕ್ಷಣೆ ಇಲ್ಲದೆ ಇಳಿಸುವುದು ಅಪರಾಧ ಕೂಡ. ಇಲ್ಲಿ ಹೇಳುವ ಪರೀಕ್ಷೆಗಳೆಲ್ಲ ಮೇಲೆ ನಿಂತೇ ಆಗುವಂಥವು.

ಸಲಾಕೆ ಏನು ಹೇಳುತ್ತದೆ

ನಾಲ್ಕನೇ ಸಲ ಬಂದ ಪ್ಲಂಬರ್ ನಮ್ಮ ಕಡೆಯವರು, ವಿಜಯಪುರ ಜಿಲ್ಲೆಯ ಇಂಡಿ ಹತ್ತಿರದವರು. ಪುಣೆಗೆ ಬಂದು ಇಪ್ಪತ್ತು ವರ್ಷ ಆಗಿದೆಯಂತೆ. ಸಲಾಕೆ ತೂರಿಸಿ ಎರಡು ಸಲ ಹಿಂದೆ ಮುಂದೆ ಆಡಿಸಿ, ನನ್ನ ಕೈಗೆ ಕೊಟ್ಟರು. "ಸರ, ನೀವs ಹಿಡದು ನೋಡ್ರಿ. ಒದ್ದಿ ಗಾದಿಗೆ ಚುಚ್ಚಿದಂಗ ಆಗತೈತಿಲ್ರಿ?"

ನಿಜ, ಹಾಗೇ ಇತ್ತು. ಒಳಗೆ ಹೋಗುತ್ತದೆ, ಆದರೆ ಸ್ಪ್ರಿಂಗಿನಂತೆ ವಾಪಸ್ ನೂಕುತ್ತದೆ. ಎಳೆಯುವಾಗ ಏನೋ ಹಿಡಿದುಕೊಂಡಂತೆ. ಬೇರಿನ ಗುರುತು ಇದು. ಜಿಡ್ಡಾದರೆ ಮೆತ್ತಗೆ ಬಿಟ್ಟುಕೊಡುತ್ತದೆ, ತುದಿಗೆ ಬಿಳಿಬಿಳಿ ಸೋಪಿನಂಥ ಗಡ್ಡೆ ಮೆತ್ತಿಕೊಂಡು ಬರುತ್ತದೆ. ಒಡೆದ ಪೈಪಾದರೆ ಠಕ್ ಅಂತ ಗಟ್ಟಿ ಬಡಿಯುತ್ತದೆ, ತುದಿಯಲ್ಲಿ ಮಣ್ಣು, ಮುರುಮಿನ ಕಲ್ಲು. ಪೈಪ್ ನಡುವೆ ಕುಸಿದು ಹೊಟ್ಟೆ ಬಿಟ್ಟಿದ್ದರೆ ಸಲಾಕೆ ಸಲೀಸಾಗಿ ಆ ಕಡೆ ಹೊರಬರುತ್ತದೆ, ಆದರೂ ನೀರು ನಿಧಾನ.

ಸಲಾಕೆಯ ತುದಿಯನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆದೆವು. ಟಿಶ್ಯೂ, ಕೂದಲು, ಜಿಡ್ಡು ಎಲ್ಲ ಬಿಟ್ಟ ಮೇಲೆ ಉಳಿದದ್ದು ಕಂದು ಬಣ್ಣದ ಎಳೆಗಳ ಒಂದು ಗೊಂಚಲು. ತಲೆಗೂದಲು ಅಂತ ಮೊದಲು ಅನ್ನಿಸಿತು. ಎರಡಕ್ಕೂ ವ್ಯತ್ಯಾಸ ಸುಲಭ: ಕೂದಲು ಚಿವುಟಿದರೆ ಬಗ್ಗುತ್ತದೆ, ಕವಲು ಇರುವುದಿಲ್ಲ. ಬೇರಿನ ಎಳೆ ಕವಲೊಡೆದಿರುತ್ತದೆ, ಉಗುರಿನಲ್ಲಿ ಚಿವುಟಿದರೆ ಪಟ್ಟನೆ ತುಂಡಾಗುತ್ತದೆ. ತುದಿ ಬಿಳಿ ಇದ್ದರೆ ಅದು ಜೀವಂತ ಬೇರು. ಹಿಂದಿನ ಮೂರು ಸಲವೂ ಇದು ಬಂದಿರಲೇಬೇಕು. ಯಾರೂ ತೊಳೆದು ನೋಡಿರಲಿಲ್ಲ, ಅಷ್ಟೇ.

ಎರಡೂ ಕಡೆಯಿಂದ ಅಳೆಯಿರಿ

ಇದು ನನಗೆ ಆ ಪ್ಲಂಬರ್ ಕಲಿಸಿದ್ದು. ಇದಕ್ಕೆ ಒಂದು ಟೇಪು ಸಾಕು.

ಮೇಲಿನ ಚೇಂಬರ್‌ನಿಂದ ಸಲಾಕೆ ತೂರಿಸಿ. ಗಾದಿಗೆ ತಾಗಿದಂತೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಚೇಂಬರ್ ಗೋಡೆಯಲ್ಲಿ ಪೈಪಿನ ಬಾಯಿ ಇರುವ ಜಾಗಕ್ಕೆ ಸರಿಯಾಗಿ ಸಲಾಕೆಗೆ ಟೇಪ್ ಅಂಟಿಸಿ. ಹೊರತೆಗೆದು ತುದಿಯಿಂದ ಆ ಗುರುತಿನವರೆಗೆ ಅಳೆಯಿರಿ. ನಮಗೆ ಸಿಕ್ಕಿದ್ದು 10.2 ಮೀಟರ್. ಆಮೇಲೆ ಕೆಳಗಿನ ಚೇಂಬರ್‌ನಿಂದ ಮೇಲಕ್ಕೆ ತೂರಿಸಿ ಹಾಗೇ ಅಳೆಯಿರಿ. 7.2 ಮೀಟರ್ ಬಂತು. ಎರಡೂ ಸೇರಿದರೆ 17.4. ಒಟ್ಟು ಉದ್ದ 18. ಅಂದರೆ ನಡುವೆ ಸುಮಾರು 60 ಸೆಂಟಿಮೀಟರ್ ಉದ್ದದ ಬೇರಿನ ಗಂಟು.

ಈಗ ಯಾವ ಅಳತೆಯನ್ನು ನಂಬಿ ಅಗೆಯಬೇಕು? ಮೇಲಿನಿಂದ ಬಂದದ್ದನ್ನು. ಬೇರು ಜಾಯಿಂಟ್‌ನಲ್ಲಿ ಒಳಗೆ ಬರುತ್ತದೆ, ಆದರೆ ಒಳಗೆ ಬಂದ ಮೇಲೆ ನೀರು ಹರಿಯುವ ಕಡೆಗೇ ಬಾಲದಂತೆ ಉದ್ದ ಬೆಳೆಯುತ್ತದೆ. ಹಾಗಾಗಿ ಗಂಟಿನ ಮೇಲ್ತುದಿಯೇ ಅದು ಒಳಹೊಕ್ಕ ಬಾಗಿಲು. ಕೆಳಗಿನಿಂದ ಅಳೆದು ಅಗೆದರೆ ಬಾಲ ಇರುವ ಜಾಗದಲ್ಲಿ ಅಗೆಯುತ್ತೀರಿ. ಅಲ್ಲಿ ಪೈಪ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಪಕ್ಕದ ಸೊಸೈಟಿಯವರು ಹೀಗೆ ಅಗೆದು, "ಪೈಪ್ ಚೆನ್ನಾಗಿದೆಯಲ್ಲ" ಅಂತ ಮುಚ್ಚಿಬಿಟ್ಟಿದ್ದರು.

ಇನ್ನೊಂದು ಲೆಕ್ಕ. ಹಳೆಯ ಸ್ಟೋನ್‌ವೇರ್ ಪೈಪ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಉದ್ದದ್ದು. 75, 90ರದ್ದೂ ಇವೆ, ಆದ್ದರಿಂದ ಮೊದಲು ಒಂದು ಕಡೆ ತೆರೆದು ನೋಡಿಕೊಳ್ಳಬೇಕು. ನಮ್ಮದು 60ರದ್ದು. 10.2 ಮೀಟರನ್ನು 0.6ರಿಂದ ಭಾಗಿಸಿದರೆ ಸರಿಯಾಗಿ 17. ಹದಿನೇಳನೇ ಜಾಯಿಂಟ್. ಭಾಗಾಕಾರ ಹೀಗೆ ಪೂರ್ಣ ಸಂಖ್ಯೆಯ ಹತ್ತಿರ ಬಂದರೆ ಬೇರು ಜಾಯಿಂಟ್‌ನಿಂದಲೇ ಬಂದಿದೆ ಅನ್ನಬಹುದು. 16.5ರಂತೆ ನಡುವೆ ನಿಂತರೆ ಪೈಪಿನ ಮೈಯೇ ಬಿರುಕು ಬಿಟ್ಟಿರುವ ಸಾಧ್ಯತೆ ಇದೆ. ಸಲಾಕೆ ಸ್ವಲ್ಪ ಬಳುಕುತ್ತದೆ, ಆದ್ದರಿಂದ ಹತ್ತು ಹದಿನೈದು ಸೆಂಟಿಮೀಟರ್ ಆಚೀಚೆ ಆಗೇ ಆಗುತ್ತದೆ. ಇಷ್ಟು ದೂರದ ಮೇಲೆ ಆ ತಪ್ಪು ದೊಡ್ಡದಲ್ಲ. ಐವತ್ತು ಮೀಟರ್ ಲೈನಾದರೆ ಈ ಲೆಕ್ಕವನ್ನು ನಾನು ನಂಬುವುದಿಲ್ಲ.

ಕ್ಯಾಮೆರಾ ತರಿಸುವುದಾದರೆ ಒಂದೇ ಎಚ್ಚರಿಕೆ: ಅವರ ಮೀಟರ್ ಸೊನ್ನೆ ಎಲ್ಲಿಂದ ಶುರುವಾಗುತ್ತದೆ ಅಂತ ಕೇಳಿ. ಕೆಲವರು ನೆಲದ ಮೇಲಿನಿಂದಲೇ ಎಣಿಸುತ್ತಾರೆ. ಆಗ ಚೇಂಬರ್‌ನ ಆಳವೂ ಸೇರಿಕೊಂಡು ಒಂದು ಮೀಟರ್ ತಪ್ಪುತ್ತದೆ. ಸೊನ್ನೆ ಪೈಪಿನ ಬಾಯಲ್ಲೇ ಇರಬೇಕು. ನಮ್ಮ ಲೈನಿನಲ್ಲಿ ಕ್ಯಾಮೆರಾ 10.3ರಲ್ಲಿ ಬೇರನ್ನು ತೋರಿಸಿತು. ಗಡಿಯಾರದ ಮುಖ ಅಂದುಕೊಂಡರೆ ಹನ್ನೊಂದು ಮತ್ತು ಒಂದು ಗಂಟೆಯ ಜಾಗದಿಂದ, ಅಂದರೆ ಪೈಪಿನ ನೆತ್ತಿಯಿಂದ, ಪರದೆಯಂತೆ ಇಳಿಬಿದ್ದಿತ್ತು. ಅದಲ್ಲದೆ ಇನ್ನೂ ಎರಡು ಜಾಯಿಂಟ್‌ಗಳಲ್ಲಿ ಎಳೆ ಮೂಡಿತ್ತು. ಅದು ಸಲಾಕೆಗೆ ಸಿಗುವಂಥದ್ದಲ್ಲ. ಕ್ಯಾಮೆರಾಗೆ ಕೊಟ್ಟ ದುಡ್ಡು ವಸೂಲಾದದ್ದು ಅದರಿಂದ.

ಕ್ಯಾಮೆರಾ ಬೇಡ ಅನ್ನುವವರಿಗೆ ಹಳೆಯ ಕನ್ನಡಿ ಪರೀಕ್ಷೆ ಇದೆ. ಲೈನು ಖಾಲಿಯಾದ ಮೇಲೆ ಒಂದು ಚೇಂಬರ್‌ನ ಪೈಪ್ ಬಾಯಿಗೆ ಟಾರ್ಚ್ ಇಳಿಬಿಡಿ, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿಯನ್ನು ಓರೆ ಮಾಡಿ ಹಿಡಿಯಿರಿ. ಪೂರ್ತಿ ದುಂಡನೆಯ ಬೆಳಕು ಕಂಡರೆ ಲೈನು ಚೊಕ್ಕ. ಕೆಳಭಾಗ ಮುಚ್ಚಿ ಮೇಲೆ ಅರ್ಧಚಂದ್ರ ಕಂಡರೆ ಪೈಪ್ ಕುಸಿದು ನೀರು ನಿಂತಿದೆ. ಮೇಲಿನಿಂದ ಗಡ್ಡದಂತೆ ನೆರಳು ಇಳಿದಿದ್ದರೆ ಬೇರು.

ಜುಲೈ ತಿಂಗಳು ದಾರಿ ತಪ್ಪಿಸಿದ್ದು

ಎರಡನೇ ಸಲ ಜುಲೈಯಲ್ಲಿ ಉಕ್ಕಿದ್ದರಿಂದ ನಾವೆಲ್ಲ ಮಳೆಯನ್ನೇ ಬೈದೆವು. ಆಗ ಗಮನಿಸಬೇಕಿದ್ದ ಒಂದು ಗುರುತನ್ನು ಬಿಟ್ಟೆವು. ಮಳೆಗಾಲದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಳಗಿನ ಚೇಂಬರ್ ತೆಗೆದು ನೋಡಿ. ಯಾರೂ ನಲ್ಲಿ ತಿರುಗಿಸದ ಹೊತ್ತು. ಆಗಲೂ ತಿಳಿನೀರಿನ ಒಂದು ಎಳೆ ಹರಿಯುತ್ತಿದ್ದರೆ ತಾರಸಿ ಟ್ಯಾಂಕಿನ ವಾಲ್ವ್ ಅರ್ಧ ಗಂಟೆ ಬಂದ್ ಮಾಡಿ. ಎಳೆ ನಿಂತರೆ ಯಾರದೋ ಫ್ಲಶ್ ಟ್ಯಾಂಕ್ ಸೋರುತ್ತಿದೆ. ನಿಲ್ಲದಿದ್ದರೆ ನೆಲದ ನೀರು ಜಾಯಿಂಟ್‌ಗಳಿಂದ ಒಳಗೆ ಬರುತ್ತಿದೆ. ನೀರು ಬರುವ ಸಂದಿಗೆ ಬೇಸಿಗೆಯಲ್ಲಿ ಬೇರು ಬರುತ್ತದೆ.

ಅದಕ್ಕೆ ಕಾರಣವೂ ಸರಳ. ಬೇರು ಪೈಪನ್ನು ಒಡೆದು ಒಳಗೆ ಬರುವುದು ಅಪರೂಪ. ಏಪ್ರಿಲ್, ಮೇನಲ್ಲಿ ಸುತ್ತಲಿನ ಮಣ್ಣು ಒಣಗಿದಾಗ ಸಡಿಲ ಜಾಯಿಂಟ್‌ನಿಂದ ತೇವದ ಆವಿ ಹೊರಬರುತ್ತಿರುತ್ತದೆ. ಮಣ್ಣಿನಲ್ಲಿ ಆ ಒಂದು ಜಾಗ ಮಾತ್ರ ಹಸಿ. ಅತ್ತಿ, ಆಲ, ಅರಳಿಯ ಬೇರುಗಳಿಗೆ ಆ ಹಸಿ ಸಾಕು. ಕೂದಲಿನಷ್ಟು ಎಳೆ ಸಂದಿಯಲ್ಲಿ ತೂರುತ್ತದೆ, ಒಳಗೆ ನೀರು, ಗೊಬ್ಬರ, ಗಾಳಿ ಮೂರೂ ಸಿಗುತ್ತವೆ. ಆಮೇಲೆ ದಪ್ಪವಾಗುತ್ತಾ ಸಂದಿಯನ್ನೇ ಅಗಲ ಮಾಡುತ್ತದೆ. ಒಡೆಯುವುದು ಏನಿದ್ದರೂ ಆಗ.

ಅಗೆದಾಗ ಕಂಡದ್ದು

1.1 ಮೀಟರ್ ಆಳದಲ್ಲಿ ಪೈಪ್ ಸಿಕ್ಕಿತು. ಹದಿನೇಳನೇ ಜಾಯಿಂಟ್‌ಗೆ ಪೆನ್ಸಿಲ್ ದಪ್ಪದ ಬೇರು ಸುತ್ತಿಕೊಂಡಿತ್ತು. ಹೊರಗೆ ಪೆನ್ಸಿಲ್, ಸಂದಿಯೊಳಗೆ ಮಾತ್ರ ಕಾಗದದಂತೆ ಚಪ್ಪಟೆ, ಒಳಗೆ ಹೋದ ಮೇಲೆ ನರಿಬಾಲದಂಥ ಪೊದೆ. ಬೇರು ಎಷ್ಟು ಬೇಕಾದರೂ ಚಪ್ಪಟೆಯಾಗಿ ನುಸುಳಬಲ್ಲದು ಅಂತ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತು.

ಆ ಜಾಯಿಂಟ್ ಹೇಗೆ ಮಾಡಿದ್ದರು ಅಂತ ನೋಡಿದರೆ ತೊಂದರೆ ಅರ್ಥವಾಗುತ್ತದೆ. ಒಂದು ಪೈಪಿನ ಅಗಲ ಬಾಯಿಗೆ ಇನ್ನೊಂದರ ತುದಿ ಕೂರಿಸಿ, ಸುತ್ತ ಸೆಣಬಿನ ನಾರು ತುರುಕಿ, ಮೇಲೆ ಸಿಮೆಂಟ್ ಗಾರೆ ಮೆತ್ತುತ್ತಿದ್ದರು. ಇದರಲ್ಲಿ ಮೂರು ಕಡೆ ಪೆಟ್ಟು ಬೀಳುತ್ತದೆ. ಗಾರೆ ಒಣಗುವಾಗ ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ನಾರು ಕೆಲವು ವರ್ಷಗಳಲ್ಲಿ ಕೊಳೆತು ಟೊಳ್ಳು ದಾರಿಯಾಗುತ್ತದೆ. ಮತ್ತು ಪೈಪಿನ ಕೆಳಭಾಗಕ್ಕೆ ಗಾರೆಯವನ ಕೈ ಹೋಗುವುದೇ ಇಲ್ಲ. ನಮ್ಮದರಲ್ಲಿ ಕೆಳಗಿನ ಅರ್ಧಕ್ಕೆ ಗಾರೆಯೇ ಇರಲಿಲ್ಲ! ಇದರ ಮೇಲೆ ನಮ್ಮ ಅಂಗಳದ್ದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಗಟ್ಟಿ ಗಾರೆಗೆ ಬಳುಕಲು ಬರುವುದಿಲ್ಲ, ಬಿರುಕು ಬಿಡುತ್ತದೆ. 18 ಮೀಟರಿಗೆ ಹತ್ತಿರ ಹತ್ತಿರ ಮೂವತ್ತು ಜಾಯಿಂಟ್. ಅಂದರೆ ಬೇರಿಗೆ ಮೂವತ್ತು ಬಾಗಿಲು.

ನಾವು ಮಾಡಿದ ತಪ್ಪು ರಿಪೇರಿ

ದುಡ್ಡು ಉಳಿಸಲು ಮೂರು ಪೈಪ್ ಮಾತ್ರ ತೆಗೆದು, ಆ ಜಾಗಕ್ಕೆ ಪಿವಿಸಿ ತುಂಡು ಹಾಕಿ, ಎರಡೂ ತುದಿಗೆ ಸಿಮೆಂಟ್ ಮೆತ್ತಿಸಿದೆವು. "ಸರ, ಪಿವಿಸಿಗೆ ಸಿಮಿಟ್ ಹಿಡಿಯಂಗಿಲ್ರಿ" ಅಂತ ಪ್ಲಂಬರ್ ಹೇಳಿದ್ದರು. ಕಮಿಟಿ ಕೇಳಲಿಲ್ಲ, ನಾನೂ ಜೋರು ಮಾಡಲಿಲ್ಲ. ಹದಿನಾಲ್ಕು ತಿಂಗಳಿಗೆ ಮತ್ತೆ ಉಕ್ಕಿತು. ಬೇರು ಬಂದದ್ದು ಸರಿಯಾಗಿ ಆ ಸಿಮೆಂಟ್ ಮತ್ತು ಪಿವಿಸಿ ನಡುವಿನ ಸಂದಿಯಿಂದ. ನುಣುಪಾದ ಪಿವಿಸಿಗೆ ಗಾರೆ ಅಂಟುವುದಿಲ್ಲ, ಬಳೆಯಂತೆ ಸುಮ್ನೆ ಸುತ್ತ ಕೂತಿರುತ್ತದೆ. ತುಂಡು ರಿಪೇರಿಯೇ ಬೇಕಾದರೆ ಎರಡು ಬಗೆಯ ಪೈಪನ್ನು ಕೂಡಿಸುವ ರಬ್ಬರ್ ಕಪ್ಲಿಂಗ್ ಸಿಗುತ್ತದೆ, ಎರಡೂ ಬದಿಗೆ ಸ್ಟೀಲ್ ಪಟ್ಟಿ ಬಿಗಿಯುವಂಥದ್ದು. ಅದನ್ನೇ ಹಾಕಬೇಕು.

ಮೈಲುತುತ್ತನ್ನೂ ಒಬ್ಬರ ಮಾತು ಕೇಳಿ ಸುರಿದಿದ್ದೆವು. ಅದು ನೀರಿನ ಜೊತೆ ಪೈಪಿನ ತಳದಲ್ಲಿ ಹರಿದುಹೋಗುತ್ತದೆ, ಬೇರು ಇರುವುದು ನೆತ್ತಿಯಲ್ಲಿ. ಅದೂ ಅಲ್ಲದೆ ಗಲೀಜು ನೀರು ಶುದ್ಧ ಮಾಡುವ ಘಟಕದ ಜೀವಾಣುಗಳಿಗೆ ಅದು ವಿಷ. ಮಾಡಬೇಡಿ.

ಮರ ಕಡಿಯೋಣ ಅಂದವರೂ ಇದ್ದರು. ಮಹಾರಾಷ್ಟ್ರದಲ್ಲಿ 1975ರ ಮರ ಸಂರಕ್ಷಣೆ ಕಾನೂನಿದೆ, ಪಾಲಿಕೆಯ ವೃಕ್ಷ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ನಮ್ಮ ಅಂಗಳದ ಮರವನ್ನೂ ನಾವು ಕಡಿಯುವಂತಿಲ್ಲ. ಕಡಿದರೂ ಅತ್ತಿ ಬುಡದಿಂದ ಮತ್ತೆ ಚಿಗುರುತ್ತದೆ. ಜಾಯಿಂಟ್ ತೆರೆದೇ ಇದ್ದರೆ ಪಕ್ಕದ ಮರದ ಬೇರು ಬರುತ್ತದೆ.

ಬೇರಿಗೆ ಯಾವ ಜಾಯಿಂಟ್ ತಡೆಯುತ್ತದೆ

ಗಾರೆ ಜಾಯಿಂಟ್ ಸ್ಟೋನ್‌ವೇರ್‌ನದ್ದಾಗಲಿ, ಕಾಂಕ್ರೀಟ್ ಪೈಪಿಗೆ ಕಾಲರ್ ಹಾಕಿ ಮೆತ್ತಿದ್ದಾಗಲಿ, ಮರದ ಹತ್ತಿರ ಬೇಡವೇ ಬೇಡ.

ರಬ್ಬರ್ ರಿಂಗ್ ಜಾಯಿಂಟ್ ಒಳ್ಳೆಯದು. ಆದರೆ "ರಬ್ಬರ್ ಇದೆ, ಇನ್ನು ಬೇರು ಬರಲ್ಲ" ಅನ್ನುವುದು ಅರ್ಧ ಸತ್ಯ. ಸ್ವೀಡನ್, ಜರ್ಮನಿಯಲ್ಲಿ ಅಗೆದು ನೋಡಿದಾಗ ರಬ್ಬರ್ ರಿಂಗ್ ಇದ್ದ ಪಿವಿಸಿ, ಕಾಂಕ್ರೀಟ್ ಪೈಪುಗಳಲ್ಲೂ ಬೇರು ಸಿಕ್ಕಿದೆ. ನೀರು ಸೋರದ ಜಾಯಿಂಟ್‌ನಲ್ಲೂ! ಏಕೆಂದರೆ ನೀರನ್ನು ತಡೆಯಲು ರಬ್ಬರ್ ಸ್ವಲ್ಪ ಒತ್ತಿದರೂ ಸಾಕು. ಬೇರಿನ ತುದಿ ಮಾತ್ರ ಚದರ ಸೆಂಟಿಮೀಟರಿಗೆ ಐದರಿಂದ ಹತ್ತು ಕಿಲೋವರೆಗೂ ಒತ್ತಬಲ್ಲದು. ಕಾರಿನ ಟೈರಿನಲ್ಲಿರುವುದು ಎರಡು ಕಿಲೋದಷ್ಟು. ಆದ್ದರಿಂದ ರಿಂಗ್ ಪೈಪಿನ ಸುತ್ತ ಎಲ್ಲೂ ಬಿಡದೆ ಬಿಗಿಯಾಗಿ ಅದುಮಿರಬೇಕು. ಸೈಟಿನಲ್ಲಿ ಇದು ಕೆಡುವುದು ಸಣ್ಣ ವಿಷಯಕ್ಕೆ: ಕತ್ತರಿಸಿದ ತುದಿಯನ್ನು ಉಜ್ಜಿ ಓರೆ ಮಾಡದೆ ನೂಕಿದರೆ ರಿಂಗ್ ಮಡಚಿಕೊಳ್ಳುತ್ತದೆ. ಮರಳಿನ ಕಾಳು ಅಂಟಿದ್ದರೆ ಅಲ್ಲೊಂದು ಸಂದಿ. ಸೋಪಿನ ಬದಲು ಗ್ರೀಸ್ ಹಚ್ಚಿದರೆ ಕೆಲವು ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಪೈಪ್ ಓರೆಯಾಗಿ ಕೂತರೆ ಒಂದು ಬದಿ ಬಿಗಿ, ಇನ್ನೊಂದು ಸಡಿಲ.

ಸಾಲ್ವೆಂಟ್ ಹಚ್ಚಿ ಅಂಟಿಸಿದ ಪಿವಿಸಿಯಲ್ಲಿ ಎರಡು ಪೈಪ್ ಒಂದೇ ಆಗಿಬಿಡುತ್ತವೆ, ಬೇರಿಗೆ ಸಂದಿಯೇ ಇಲ್ಲ. ಒದ್ದೆ ಪೈಪಿಗೆ ಹಚ್ಚಿದ್ದರೆ ಅಥವಾ ಒಂದು ಬದಿಗೆ ಮಾತ್ರ ಸವರಿದ್ದರೆ ಆ ಮಾತಿಲ್ಲ. ಬಿಸಿ ಮಾಡಿ ತುದಿಗೆ ತುದಿ ಬೆಸೆದ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಎಲ್ಲಕ್ಕಿಂತ ಗಟ್ಟಿ, ಬೆಸೆದ ಮೇಲೆ ಜಾಯಿಂಟ್ ಅನ್ನುವುದೇ ಉಳಿಯುವುದಿಲ್ಲ. ಸಣ್ಣ ಸೊಸೈಟಿಗೆ ಬೆಸೆಯುವ ಯಂತ್ರ ತರಿಸುವುದೇ ಕಷ್ಟ.

ನಾವು ಕೊನೆಗೆ ಹಾಕಿದ್ದು 160 ಮಿಲಿಮೀಟರಿನ ಯುಪಿವಿಸಿ, ನೆಲದಡಿ ಒಳಚರಂಡಿಗೆಂದೇ ಮಾಡಿದ್ದು, ಐಎಸ್ 15328 ಗುರುತಿನದು. ತಾರಸಿ ಪೈಪಿಗೆ ಬಳಸುವ ತೆಳು ಪಿವಿಸಿಯನ್ನು ಹೂಳಬೇಡಿ, ಮಣ್ಣಿನ ಭಾರಕ್ಕೆ ಮೊಟ್ಟೆಯಂತೆ ಚಪ್ಪಟೆಯಾದರೆ ರಿಂಗ್ ಸಡಿಲ. ಆರು ಮೀಟರಿನ ಮೂರು ಪೈಪ್, ನಡುವೆ ಎರಡೇ ರಿಂಗ್ ಜಾಯಿಂಟ್. ಅವೆರಡೂ ಮರದ ನೇರಕ್ಕೆ ಬರದಂತೆ ಪೈಪ್ ಜೋಡಿಸಿದೆವು. ಮುಚ್ಚುವಾಗ ಜಾಯಿಂಟ್‌ನ ಸುತ್ತ ಟೊಳ್ಳು ಬಿಡದೆ ಮಣ್ಣನ್ನು ಪದರ ಪದರವಾಗಿ ದಮ್ಮಸ್ ಮಾಡಿಸಿದೆವು. ಸಡಿಲ ಮಣ್ಣು ಸಿಕ್ಕಲ್ಲಿ ಬೇರು ಹೆದ್ದಾರಿ ಮಾಡಿಕೊಂಡು ಪೈಪಿನ ಉದ್ದಕ್ಕೂ ಓಡಿ ನೇರ ಜಾಯಿಂಟ್‌ಗೇ ಬರುತ್ತದೆ.

ಮಣ್ಣು ಮುಚ್ಚುವ ಮೊದಲೇ ಕೆಳಗಿನ ಬಾಯಿಗೆ ಪ್ಲಗ್ ಹಾಕಿ, ಮೇಲಿನ ಚೇಂಬರ್‌ನಲ್ಲಿ ಗುರುತಿನವರೆಗೆ ನೀರು ತುಂಬಿಸಿ ಅರ್ಧ ಗಂಟೆ ನೋಡಿದೆವು. ಮೊದಲ ಸಲ ಎರಡು ಬೆರಳಿನಷ್ಟು ಇಳಿಯಿತು. ಪೈಪ್ ಇನ್ನೂ ತೆರೆದೇ ಇತ್ತು, ಎಲ್ಲೂ ಹನಿ ಇಲ್ಲ. ಕೊನೆಗೆ ಸೋರಿಕೆ ಸಿಕ್ಕಿದ್ದು ಮೂರನೇ ಚೇಂಬರ್‌ನ ಗೋಡೆಯಲ್ಲಿ, ಪಿವಿಸಿ ಇಟ್ಟಿಗೆ ಗಾರೆಯನ್ನು ದಾಟುವ ಜಾಗದಲ್ಲಿ. ಮತ್ತೆ ಅದೇ ಪಿವಿಸಿ, ಅದೇ ಸಿಮೆಂಟ್. ಈ ಸಲ ಪ್ಲಂಬರ್ ಏನೂ ಮಾತಾಡಲಿಲ್ಲ. ಪೈಪಿನ ತುದಿಗೆ ಸುತ್ತಲೂ ಸಾಲ್ವೆಂಟ್ ಹಚ್ಚಿ, ಅದು ಒಣಗುವ ಮೊದಲು ಒಣ ದಪ್ಪ ಮರಳು ಉದುರಿಸಿ, ಮರುದಿನ ಆ ಒರಟು ಭಾಗವನ್ನು ಗೋಡೆಯಲ್ಲಿ ಕೂರಿಸಿ ಗಾರೆ ಹಾಕಿದರು. ಗೋಡೆಯಿಂದ ಅರ್ಧ ಮೀಟರ್ ಹೊರಗೆ ಒಂದು ರಿಂಗ್ ಜಾಯಿಂಟ್ ಜಾಸ್ತಿ ಕೊಟ್ಟರು, ಚೇಂಬರ್ ಸ್ವಲ್ಪ ಕುಸಿದರೂ ಪೈಪ್ ಬಳುಕಲಿ ಅಂತ. ನಾಲ್ಕನೇ ಚೇಂಬರ್‌ಗೂ ಹಾಗೇ ಮಾಡಿದರು. ನೀರು ಇಳಿಯಲಿಲ್ಲ.

ಆ ಲೈನು ಆಮೇಲೆ ಉಕ್ಕಿಲ್ಲ. ಆದರೂ ಹೋದ ತಿಂಗಳು ಮೂರನೇ ಚೇಂಬರ್ ಮುಚ್ಚಳ ತೆಗೆದಾಗ ಒಂದು ಬಿಳಿ ಎಳೆ ಕಂಡಿತು. ಹೊಸ ಪೈಪಿನ ಬಾಯಲ್ಲಲ್ಲ, ಎದುರುಗಡೆ ಅಡುಗೆಮನೆಗಳಿಂದ ಬರುವ ನಾಲ್ಕು ಇಂಚಿನ ಹಳೇ ಸ್ಟೋನ್‌ವೇರ್ ಬಾಯಲ್ಲಿ. ಅದರ ಉದ್ದ ನಾಲ್ಕೂವರೆ ಮೀಟರ್. ಕಮಿಟಿಗೆ ಪತ್ರ ಬರೆದಿದ್ದೇನೆ, ಈ ಸಲ ಪೂರ್ತಿ ಲೈನಿಗೇ.